ಮೊದಲ ದಿನ ಸೀಟಿನ ಎತ್ತರ ನೋಡಿಕೊಳ್ಳಿ

ನಲವತ್ತು ದಾಟಿದ ಮೇಲೆ ಮೊದಲ ಸಲ ಜಿಮ್ಮಿಗೆ ಹೊರಟಿರುವ ಅಕ್ಕಂದಿರಿಗೆ, ಅಮ್ಮಂದಿರಿಗೆ,

ನಾನು ಶಿವಮೊಗ್ಗದ ಜಿಮ್ಮೊಂದರಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವವಳು. ನಿಮ್ಮಂಥವರು ನಮ್ಮಲ್ಲಿಗೆ ಯಾಕೆ ಬರುತ್ತೀರೆಂದು ಬಲ್ಲೆ. ಒಬ್ಬರಿಗೆ ಶುಗರ್ ಬಂದಿರುತ್ತದೆ, ಇನ್ನೊಬ್ಬರಿಗೆ ಮಂಡಿನೋವು, ಮತ್ತೊಬ್ಬರಿಗೆ ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತಿದೆ ಎಂದು ಡಾಕ್ಟರು ಹೇಳಿರುತ್ತಾರೆ. ವಾಕಿಂಗ್ ಒಂದೇ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ ಎಂಬ ಸಲಹೆ ಈಗ ಎಲ್ಲ ಆಸ್ಪತ್ರೆಗಳಲ್ಲೂ ಕೇಳಿಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ಹೇಳಿದೆ. ಹಾಗಾಗಿ ನೀವು ಹೊರಟಿದ್ದೀರಿ. ಆದರೆ ಬಾಗಿಲಿಗೆ ಬಂದಾಗ ಕಾಲು ಹಿಂದೆಗೆಯುತ್ತದೆ.

ಬಂದವರು ಹೇಳಿಕೊಳ್ಳುವ ಭಯ ಎರಡೇ ಬಗೆಯದು. ಎಲ್ಲರೂ ನನ್ನನ್ನೇ ನೋಡುತ್ತಾರೆ ಎನ್ನುವುದು ಒಂದು. ಈ ಮಷೀನು ಮುಟ್ಟಿ ಏನಾದರೂ ಆದರೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನಲ್ಲಿ ಮದ್ದಿಲ್ಲ, ನಾಲ್ಕು ದಿನ ಬಂದರೆ ಅದು ತಾನೇ ಹೋಗುತ್ತದೆ. ಬೆಳಗ್ಗೆ ಹತ್ತೂವರೆ ನಂತರವೋ ಮಧ್ಯಾಹ್ನ ಮೂರರ ಹೊತ್ತಿಗೋ ಬಂದರೆ ಜನವೂ ಕಡಿಮೆ ಇರುತ್ತಾರೆ. ಎರಡನೆಯದಕ್ಕೆ ಮಾತ್ರ ಖಚಿತವಾದ ಉತ್ತರವಿದೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಮೊದಲ ದಿನ ನಿಮ್ಮ ಕೆಲಸ ಒಂದೇ: ಐದು ಕಡೆ ನಿಮ್ಮ ಅಳತೆ ತೆಗೆದುಕೊಂಡು ಬರೆದಿಟ್ಟುಕೊಳ್ಳುವುದು. ಬ್ಲೌಸು ಹೊಲಿಯಲು ಕೊಡುವ ಮುಂಚೆ ಟೈಲರ್ ಟೇಪು ಹಿಡಿಯುವ ಹಾಗೆ. ಬೆವರು ಹರಿಸುವುದು, ಕ್ಯಾಲರಿ ಎಣಿಸುವುದು, ಪಕ್ಕದವರಷ್ಟೇ ಭಾರ ಎತ್ತುವುದು, ಯಾವುದೂ ಅಂದು ಬೇಡ. ನಲವತ್ತು ನಿಮಿಷ ಸಾಕು.

ಜಿಮ್ಮಿನ ಮಷೀನುಗಳನ್ನು ನೋಡಿ ಹೆದರುವವರಿಗೆ ನಾನು ಮೊದಲು ತೋರಿಸುವುದು ಎರಡು ಪಿನ್ನುಗಳನ್ನು. ಮಷೀನಿನ ಪಕ್ಕದಲ್ಲಿ ಕಬ್ಬಿಣದ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ಮೇಲೆ 5, 10, 15 ಎಂದು ಅಂಕಿ ಇರುತ್ತದೆ. ಯಾವ ಪಟ್ಟಿಯ ತೂತಿಗೆ ಪಿನ್ನು ಹಾಕುತ್ತೀರೋ ಅದೂ ಅದರ ಮೇಲಿನವೂ ಮೇಲೇಳುತ್ತವೆ, ಕೆಳಗಿನವು ಅಲ್ಲೇ ಉಳಿಯುತ್ತವೆ. ಪಿನ್ನನ್ನು ತುದಿಯವರೆಗೆ ಒತ್ತಿ ಹಾಕಬೇಕು. ಅರ್ಧಕ್ಕೆ ನಿಂತಿದ್ದರೆ ಎತ್ತುವಾಗ ಜಾರಿ ಪಟ್ಟಿಗಳು ಧಡಾರನೆ ಬೀಳುತ್ತವೆ. ಪಟ್ಟಿಗಳ ನಡುವೆ ಮಾತ್ರ ಬೆರಳಿಡಬೇಡಿ, ಪಿನ್ನು ಸಿಕ್ಕಿಕೊಂಡಿದ್ದರೂ ಟ್ರೇನರನ್ನು ಕರೆಯಿರಿ. ಇನ್ನೊಂದು ಪಿನ್ನು ಸೀಟಿನ ಕೆಳಗೆ ಇರುತ್ತದೆ, ಸಾಮಾನ್ಯವಾಗಿ ಹಳದಿ ಅಥವಾ ಕೆಂಪು ಗುಬುಟು. ಅದನ್ನು ಎಳೆದು ಸೀಟು ಏರಿಸಬಹುದು, ಇಳಿಸಬಹುದು. ಭಾರದ ಪಿನ್ನಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೀಟಿನ ಪಿನ್ನಿನ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ನೋಡಿರುವ ಭುಜನೋವು, ಮಂಡಿನೋವುಗಳಲ್ಲಿ ಹೆಚ್ಚಿನವು ಶುರುವಾದದ್ದು ಈ ಎರಡನೆಯ ಪಿನ್ನಿನ ಅಲಕ್ಷ್ಯದಿಂದ.

ಇತ್ತೀಚೆಗೆ ಬಂದ ಒಬ್ಬ ಟೀಚರಮ್ಮನವರ ಮೊದಲ ದಿನವನ್ನೇ ನಿಮ್ಮ ಮುಂದಿಡುತ್ತೇನೆ. ನಲವತ್ತೇಳು ವರ್ಷ, ಐದಡಿ ಎತ್ತರ, ಶುಗರಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಹಿಂದೆಂದೂ ಜಿಮ್ಮಿನೊಳಗೆ ಕಾಲಿಟ್ಟವರಲ್ಲ.

ಒಳಗೆ ಬಂದೊಡನೆ ಮಷೀನಿನ ಹತ್ತಿರ ಕರೆದೊಯ್ಯಲಿಲ್ಲ, ಕೂರಿಸಿ ಕೇಳಿದೆ. ಎದೆನೋವು ಬಂದದ್ದುಂಟೇ? ತಲೆತಿರುಗಿ ಬಿದ್ದದ್ದುಂಟೇ? ಬಿಪಿ ಎಷ್ಟಿದೆ? ಯಾವ ಮಾತ್ರೆ? ಕೀಲುಗಳಲ್ಲಿ ಹಳೆಯ ಪೆಟ್ಟು ಇದೆಯೇ? ಈ ಪ್ರಶ್ನೆ ಕೇಳದ ಜಿಮ್ಮಾದರೆ ನೀವೇ ಮುಂದಾಗಿ ಹೇಳಿ. ಎದೆನೋವು, ಹೃದಯದ ತೊಂದರೆ, ಹಿಡಿತಕ್ಕೆ ಬಾರದ ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ಬರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಟೀಚರಮ್ಮ ತೆಗೆದುಕೊಳ್ಳುತ್ತಿದ್ದುದು ಗ್ಲಿಮೆಪಿರೈಡ್. ಈ ಗುಂಪಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಶುಗರ್ ಇಳಿಯಬಹುದು. ಅವರು ಬೆಳಗಿನ ಮಾತ್ರೆ ನುಂಗಿ ಬರೀ ಕಾಫಿ ಕುಡಿದು ಬಂದಿದ್ದರು. ಅಲ್ಲೇ ಗ್ಲುಕೋಮೀಟರಿನಲ್ಲಿ ನೋಡಿದಾಗ 84 ಇತ್ತು. 90ಕ್ಕಿಂತ ಕಡಿಮೆ ಇದ್ದರೆ ಶುರು ಮಾಡುವ ಹಾಗಿಲ್ಲ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಕಾದು, ಮತ್ತೆ ನೋಡಿ, ಏರಿದ ಮೇಲೆಯೇ ಎಬ್ಬಿಸಿದೆ. ನೀವು ಈ ಗುಂಪಿನವರಾದರೆ ತಿಂಡಿ ತಿಂದು ಗಂಟೆ, ಒಂದೂವರೆ ಗಂಟೆ ಬಿಟ್ಟು ಬನ್ನಿ, ಚೀಲದಲ್ಲಿ ಗ್ಲುಕೋಸ್ ಪೊಟ್ಟಣ ಇಟ್ಟುಕೊಳ್ಳಿ. ಕೈ ನಡುಗಿ, ತಣ್ಣನೆ ಬೆವರಿ, ಕಣ್ಣು ಮಂಜಾದರೆ ಅದನ್ನು ಸುಸ್ತೆಂದು ಕಡೆಗಣಿಸಬೇಡಿ, ತಕ್ಷಣ ಹೇಳಿ.

ಮೈ ಬೆಚ್ಚಗಾಗಲು ಟ್ರೆಡ್‌ಮಿಲ್. ಅದರ ಪಟ್ಟಿಯ ಮೇಲೆ ನಿಂತು ಸ್ಟಾರ್ಟ್ ಒತ್ತಬೇಡಿ. ಎರಡೂ ಬದಿಯ ಅಂಚಿನ ಮೇಲೆ ಕಾಲಿಟ್ಟು ನಿಂತು, ಕೆಂಪು ಕ್ಲಿಪ್ಪನ್ನು ಕುರ್ತಾಕ್ಕೆ ಸಿಕ್ಕಿಸಿಕೊಂಡು, ಪಟ್ಟಿ ನಿಧಾನವಾಗಿ ಓಡಲು ಶುರುವಾದ ಮೇಲೆ ಕಾಲಿಡಿ. ನೀವು ಹಿಂದೆ ಜಾರಿದರೆ ಆ ಕ್ಲಿಪ್ಪಿನ ದಾರ ಎಳೆದು ಮಷೀನು ನಿಲ್ಲುತ್ತದೆ. ಆಮೇಲೆ ಗಂಟೆಗೆ 3.5ರಿಂದ 4 ಕಿಲೋಮೀಟರ್ ವೇಗದಲ್ಲಿ ಐದು ನಿಮಿಷ ನಡೆಯಿರಿ. ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ವೇಗ ಸರಿಯಿದೆ. ದುಪಟ್ಟಾ ಬಿಚ್ಚಿಟ್ಟಿರಿ, ಉದ್ದನೆಯ ಮಾಂಗಲ್ಯ ಸರವನ್ನು ಒಳಗೆ ಹಾಕಿಕೊಳ್ಳಿ, ಜಡೆ ಕಟ್ಟಿಕೊಳ್ಳಿ. ಗಾಜಿನ ಬಳೆ ಬೇಡವೇ ಬೇಡ.

ಮೊದಲ ಮಷೀನು ಲೆಗ್ ಪ್ರೆಸ್. ಕೂತು, ಎದುರಿನ ಹಲಗೆಗೆ ಪಾದವಿಟ್ಟು ತಳ್ಳುವಂಥದ್ದು. ಇದರಲ್ಲಿ ಎರಡು ಬಗೆ. ಪಿನ್ನು ಹಾಕುವುದು ಒಂದು, ಓರೆಯಾಗಿ ಮಲಗಿ ಮೇಲಕ್ಕೆ ತಳ್ಳುವುದು ಇನ್ನೊಂದು. ಎರಡನೆಯದರ ಬರಿಯ ಚೌಕಟ್ಟೇ ಹತ್ತಾರು ಕಿಲೋ ತೂಗುತ್ತದೆ, ಅದನ್ನು ಮೊದಲ ತಿಂಗಳು ಮುಟ್ಟಬೇಡಿ. ಪಿನ್ನಿನದರಲ್ಲಿ ಕೂತಾಗ ಮಂಡಿ ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಚಿರಬೇಕು. ಟೀಚರಮ್ಮನವರಿಗೆ ಯಾರೋ ಹಿಂದೆ ಬಳಸಿ ಬಿಟ್ಟುಹೋದ ಸೀಟು ತೀರ ಹತ್ತಿರವಿತ್ತು. ಮಂಡಿ ಎದೆಗೆ ಬಂದು, ಸೊಂಟದ ಕೆಳಭಾಗ ದಿಂಬಿನಿಂದ ಮೇಲೆದ್ದಿತು. ಸೊಂಟ ಮೇಲೆದ್ದರೆ ಭಾರ ಬೆನ್ನಿಗೆ ಹೋಗುತ್ತದೆ. ಎರಡು ತೂತು ಹಿಂದೆ ಸರಿಸಿದೆವು, ಬೆನ್ನು ಕೂತಿತು. 20 ಕಿಲೋಗೆ ಪಿನ್ನು ಹಾಕಿ ಹತ್ತು ಸಲ. ತಳ್ಳಿದಾಗ ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡಿ ಲಾಕ್ ಮಾಡಬಾರದು, ಒಂದಿಷ್ಟು ಮಡಿಕೆ ಉಳಿದಿರಲಿ. ಮಂಡಿಗಳು ಒಳಮುಖವಾಗಿ ವಾಲಬಾರದು.

ಎರಡನೆಯದು ಚೆಸ್ಟ್ ಪ್ರೆಸ್, ಎದೆಯ ಮುಂದಿನ ಹಿಡಿಗಳನ್ನು ತಳ್ಳುವುದು. ಇಲ್ಲಿ ಗಿಡ್ಡನೆಯ ಹೆಂಗಸರು ತಪ್ಪದೆ ಮಾಡುವ ತಪ್ಪೊಂದಿದೆ: ಕಾಲು ನೆಲಕ್ಕೆ ತಾಗಲೆಂದು ಸೀಟನ್ನು ತೀರ ಕೆಳಗಿಳಿಸುತ್ತಾರೆ. ಹಾಗೆ ಮಾಡಿದರೆ ಹಿಡಿಗಳು ಕತ್ತಿನ ಮಟ್ಟಕ್ಕೆ ಬಂದು, ತಳ್ಳುವಾಗ ಭುಜ ಕಿವಿಯ ಕಡೆ ಏರುತ್ತದೆ. ವಾರ ಕಳೆಯುವುದರೊಳಗೆ ಭುಜದ ಮುಂಭಾಗ ಚುಚ್ಚತೊಡಗುತ್ತದೆ. ಗಿಡ್ಡನೆಯವರು ಸೀಟನ್ನು ಏರಿಸಬೇಕು, ಹಿಡಿಗಳು ಎದೆಯ ನಡುಮಟ್ಟಕ್ಕೆ ಬರುವವರೆಗೆ. ಆಗ ಕಾಲು ತೂಗಾಡುತ್ತದೆ, ಅದಕ್ಕೆ ಏರೋಬಿಕ್ಸಿಗೆ ಬಳಸುವ ಸ್ಟೆಪ್ ಹಲಗೆಯನ್ನೋ ಎರಡು ದಪ್ಪ ಪ್ಲೇಟುಗಳನ್ನೋ ಪಾದದಡಿ ಇಡಿಸಿಕೊಳ್ಳಿ. ಟೀಚರಮ್ಮನವರಿಗೆ ಸೀಟು ಐದನೆಯ ತೂತಿಗೆ ಬಂತು, ಪಾದದಡಿ ಸ್ಟೆಪ್. ಪಿನ್ನು 5 ಕಿಲೋದಲ್ಲಿ. ಮೊದಲ ನಾಲ್ಕು ಸಲ ಅವರು ಉಸಿರು ಕಟ್ಟಿಕೊಂಡೇ ತಳ್ಳಿದರು, ಮುಖ ಕೆಂಪಾಯಿತು. ಉಸಿರು ಕಟ್ಟಿದರೆ ಬಿಪಿ ಆ ಕ್ಷಣಕ್ಕೆ ಜಿಗಿಯುತ್ತದೆ. ತಳ್ಳುವಾಗ ಉಸಿರು ಬಿಡಿ, ವಾಪಸು ಬರುವಾಗ ಎಳೆದುಕೊಳ್ಳಿ. ಮರೆತುಹೋಗುತ್ತದೆ ಅನ್ನಿಸಿದರೆ ಬಾಯಿಬಿಟ್ಟು ಎಣಿಸಿ, ಎಣಿಸುವವರಿಗೆ ಉಸಿರು ಕಟ್ಟಲಾಗುವುದಿಲ್ಲ.

ಮೂರನೆಯದು ಸೀಟೆಡ್ ರೋ, ಹಿಡಿಗಳನ್ನು ನಿಮ್ಮ ಕಡೆ ಎಳೆದುಕೊಳ್ಳುವುದು. ಎದೆಗೆ ಆನಿಸುವ ದಿಂಬಿದ್ದರೆ, ಕೈ ಚಾಚಿದಾಗ ಹಿಡಿಗಳು ಆಗಷ್ಟೇ ಸಿಗುವ ಹಾಗೆ ಅದನ್ನು ಹೊಂದಿಸಿ. ಮೊಣಕೈಯನ್ನು ಪಕ್ಕೆಯ ಹತ್ತಿರ ಹಿಂದಕ್ಕೆ ತನ್ನಿ, ಸೊಂಟ ಹಿಂದೆ ವಾಲಿಸಿ ಎಳೆಯಬೇಡಿ. ಅವರಿಗೆ 10 ಕಿಲೋ ಸರಿಹೋಯಿತು. ಬೇರೆ ಜಿಮ್ಮಿನಲ್ಲಿ ಇದೇ 10 ಹೆಚ್ಚೆನಿಸಬಹುದು, ಹಗುರವೂ ಎನಿಸಬಹುದು. ರಾಟೆ, ಕೇಬಲ್ಲಿನ ಜೋಡಣೆ ಬೇರೆಬೇರೆ ಇರುವುದರಿಂದ ಒಂದು ಮಷೀನಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಪಕ್ಕದ ಮಷೀನಿನವರ ಅಂಕಿ ನೋಡಿ ಸಂಕೋಚಪಡಬೇಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ನಾಲ್ಕನೆಯದಕ್ಕೆ ಮಷೀನಿಲ್ಲ. ಎರಡು ಕೈಯಲ್ಲೂ ಮೂರು ಕಿಲೋದ ಡಂಬೆಲ್ ಹಿಡಿದು, ಬೆನ್ನು ನೆಟ್ಟಗಿಟ್ಟು, ಇಪ್ಪತ್ತು ಹೆಜ್ಜೆ ಹೋಗಿ ಬರುವುದು. ಮಾರ್ಕೆಟ್ಟಿನಿಂದ ಎರಡು ಕೈಚೀಲ ತರುವವರಿಗೆ ಇದು ಹೊಸದಲ್ಲ, ಆದರೆ ಇಲ್ಲಿ ಭುಜ ಕೆಳಗೆ ಜೋತಾಡದಂತೆ ನೋಡಿಕೊಳ್ಳಬೇಕು. ಐದನೆಯದು ಬೆಂಚಿನ ಮೇಲೆ ಅಂಗೈಯೂರಿ, ಕಾಲು ಹಿಂದೆ ಚಾಚಿ, ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆಯಲ್ಲಿ ಹದಿನೈದು ಸೆಕೆಂಡು ನಿಲ್ಲುವುದು. ಸೊಂಟ ಕೆಳಗೆ ಕುಸಿದರೆ ಅಲ್ಲಿಗೆ ನಿಲ್ಲಿಸಿ.

ಇವೈದನ್ನು ಒಂದಾದ ಮೇಲೊಂದು ಮಾಡುವುದೇ ಸರ್ಕಿಟ್. ಕಾಲಿಗೆ ಕೆಲಸ ಕೊಟ್ಟ ಮೇಲೆ ಎದೆಗೆ, ಆಮೇಲೆ ಬೆನ್ನಿಗೆ. ಹೀಗೆ ಒಂದು ದುಡಿಯುವಾಗ ಇನ್ನೊಂದಕ್ಕೆ ವಿರಾಮ ಸಿಗುತ್ತದೆ. ನಡುನಡುವೆ ಒಂದು ನಿಮಿಷ ನಿಲ್ಲಿ. ಒಂದು ಸುತ್ತು ಮುಗಿದ ಮೇಲೆ ಎರಡು ನಿಮಿಷ ಕೂತು ನೀರು ಕುಡಿದು ಎರಡನೆಯ ಸುತ್ತು. ಮೊದಲ ಸುತ್ತು ಅಳತೆಗೆ, ಎರಡನೆಯದು ಕೆಲಸಕ್ಕೆ. ಸರಿಯಾದ ಭಾರದ ಗುರುತು ಹೀಗಿದೆ: ಹತ್ತು ಮುಗಿಸಿದಾಗ ಇನ್ನೂ ಎರಡು ಮೂರು ಮಾಡಬಲ್ಲೆ ಅನ್ನಿಸಬೇಕು. ಇನ್ನೂ ಹತ್ತು ಮಾಡಬಲ್ಲೆ ಅನ್ನಿಸಿದರೆ ಹಗುರ. ಎಂಟಕ್ಕೇ ಮೈ ಓಲಾಡತೊಡಗಿದರೆ ಹೆಚ್ಚು. ಕಿವಿಯೂ ಹೇಳುತ್ತದೆ. ಎರಡು ಎಣಿಸುತ್ತ ತಳ್ಳಿ ಮೂರು ಎಣಿಸುತ್ತ ವಾಪಸು ತಂದರೆ ಪಟ್ಟಿಗಳು ಸದ್ದಿಲ್ಲದೆ ಕೂರುತ್ತವೆ. ಪ್ರತಿ ಸಲ ಢಣ್ ಎನ್ನುತ್ತಿದ್ದರೆ ಭಾರ ನಿಮ್ಮ ಹಿಡಿತದಲ್ಲಿಲ್ಲ.

ಒಂದು ಸುತ್ತಾದ ಮೇಲೆ ಟೀಚರಮ್ಮನವರ ಪುಸ್ತಕದಲ್ಲಿ ಹೀಗೆ ಬರೆದಿತ್ತು: ಲೆಗ್ ಪ್ರೆಸ್, ಸೀಟು 6, 20 ಕಿಲೋ, ಹತ್ತು. ಚೆಸ್ಟ್ ಪ್ರೆಸ್, ಸೀಟು 5, ಕಾಲಡಿ ಸ್ಟೆಪ್, 5 ಕಿಲೋ, ಹತ್ತು. ರೋ, ಸೀಟು 4, 10 ಕಿಲೋ, ಹತ್ತು. ಎರಡನೆಯ ಸುತ್ತಿಗೆ ಲೆಗ್ ಪ್ರೆಸ್ ಹಗುರವೆಂದು 25ಕ್ಕೆ ಏರಿಸಿದರು, ಉಳಿದದ್ದು ಹಾಗೇ ಇತ್ತು. ಮುಂದಿನ ಸಲ ಅವರು ಯಾರನ್ನೂ ಕೇಳದೆ ತಾವೇ ಪಿನ್ನು ಹಾಕಿ ಕೂತರು. ನೀವೂ ಒಂದು ಪುಟ್ಟ ಪುಸ್ತಕ ತನ್ನಿ. ಮೊಬೈಲಿನಲ್ಲಿ ಬರೆದುಕೊಂಡರೂ ಆದೀತು, ಆದರೆ ಮಷೀನಿನ ಮೇಲೆ ಕೂತು ಮೊಬೈಲ್ ನೋಡಬೇಡಿ. ಕಾಯುತ್ತಿರುವವರು ಇರುತ್ತಾರೆ.

ರೀತಿ ರಿವಾಜಿನ ಬಗ್ಗೆ ಹೇಳುವುದಾದರೆ, ನಮ್ಮ ಊರುಗಳ ಗರಡಿ ಮನೆಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು, ಹನುಮಂತನಿಗೆ ಕೈಮುಗಿದು ಒಳಗಿಳಿಯುವ ಪದ್ಧತಿ ಇದೆ. ಆ ಅಖಾಡಗಳು ಬಹುಕಾಲ ಗಂಡಸರಿಗಷ್ಟೇ ಇದ್ದವು. ಅಲ್ಲಿನ ನಿಯಮಗಳನ್ನು ಹುಡುಗರು ನೋಡಿ ಕಲಿತರು, ನಮಗೆ ನೋಡುವ ಅವಕಾಶವೇ ಇರಲಿಲ್ಲ. ಜಿಮ್ಮಿನ ನಿಯಮಗಳು ನಿಮಗೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ಕೊರತೆಯಲ್ಲ, ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ. ಅವು ಹೆಚ್ಚೇನೂ ಇಲ್ಲ. ಒಳಗೆ ಮಾತ್ರ ಹಾಕುವ ಬೇರೆ ಶೂ ತನ್ನಿ. ಸೀಟಿನ ಮೇಲೆ ಟವೆಲ್ ಹಾಸಿ ಕೂರಿ, ಏಳುವಾಗ ಬೆವರು ಒರೆಸಿ. ಡಂಬೆಲನ್ನು ಎತ್ತಿಕೊಂಡ ಜಾಗದಲ್ಲೇ ಇಡಿ. ಅದರ ಸ್ಟ್ಯಾಂಡಿಗೆ ತಾಗಿಕೊಂಡೇ ನಿಂತು ವ್ಯಾಯಾಮ ಮಾಡಬೇಡಿ, ಬೇರೆಯವರಿಗೆ ಕೈಗೆಟುಕುವುದಿಲ್ಲ. ಭಾರ ಎತ್ತುತ್ತಿರುವವರ ಮುಂದೆ ಹಾದುಹೋಗಬೇಡಿ, ಅವರು ಇಳಿಸುವವರೆಗೆ ಮಾತಾಡಿಸಬೇಡಿ.

ಸರ್ಕಿಟ್ ಮಾಡುವವರಿಗೆ ಒಂದು ತೊಡಕು ಬರುತ್ತದೆ. ನೀವು ರೋ ಮಾಡಿ ಬರುವಷ್ಟರಲ್ಲಿ ಲೆಗ್ ಪ್ರೆಸ್ಸಿನಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಟವೆಲ್ ಹಾಕಿ ಮೂರೂ ಮಷೀನು ಹಿಡಿದಿಟ್ಟುಕೊಳ್ಳುವುದು ಸಲ್ಲದು. "ಇನ್ನೆಷ್ಟು ಸೆಟ್ ಇದೆ?" ಎಂದು ಕೇಳಿ. ಎರಡಕ್ಕಿಂತ ಹೆಚ್ಚಿದ್ದರೆ "ನೀವು ರೆಸ್ಟ್ ಮಾಡುವಾಗ ನಾನು ಒಂದು ಸೆಟ್ ಮಾಡಿಕೊಳ್ಳಲಾ?" ಎನ್ನಿ. ಹೆಚ್ಚಿನವರು ಸಂತೋಷವಾಗಿ ಜಾಗ ಕೊಡುತ್ತಾರೆ, ನೀವು ಎದ್ದಾಗ ಅವರ ಪಿನ್ನನ್ನು ಅವರ ಜಾಗಕ್ಕೆ ಹಾಕಿಕೊಟ್ಟರೆ ಸಾಕು. ಆಗದಿದ್ದರೆ ಮುಂದಿನದಕ್ಕೆ ಹೋಗಿ. ಐದರ ಕ್ರಮ ತಪ್ಪಿದರೆ ನಷ್ಟವೇನಿಲ್ಲ.

ಈಗ ಸ್ವಲ್ಪ ಗಟ್ಟಿಯಾಗಿ ಕೇಳಿಕೊಳ್ಳುತ್ತೇನೆ. ಮೊದಲ ದಿನವೇ ವರ್ಷದ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ, ಒಂದು ತಿಂಗಳಿಗೆ ಕಟ್ಟಿ ನೋಡಿ. ಪ್ರೋಟೀನ್ ಡಬ್ಬಿ ತೋರಿಸಿದರೆ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದುಬಿಡಿ. ಟ್ರೇನರು ನಿಮ್ಮ ಭಂಗಿ ತಿದ್ದಲು ಮೈ ಮುಟ್ಟುವ ಮುಂಚೆ ಕೇಳಬೇಕು. ಕೇಳದವರಿಗೆ "ಬಾಯಲ್ಲಿ ಹೇಳಿ, ಮಾಡುತ್ತೇನೆ" ಎನ್ನಿ, ಇದನ್ನು ಹೇಳಲು ಸಂಕೋಚವೇ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ದಿನ ನೂರು ಬಸ್ಕಿ ಹೊಡೆಸುವವರಿದ್ದಾರೆ, ನಾಳೆ ಮೈ ನೋಯದಿದ್ದರೆ ವ್ಯಾಯಾಮವೇ ಆಗಲಿಲ್ಲ ಎನ್ನುವವರಿದ್ದಾರೆ. ಅಲ್ಲಿ ಒಪ್ಪಬೇಡಿ. ಹಾಗೆ ಮಾಡಿಸಿಕೊಂಡು, ಮೂರು ದಿನ ಕಮೋಡಿನ ಮೇಲೆ ಕೂತು ಏಳಲಾಗದೆ, ಮತ್ತೆಂದೂ ಜಿಮ್ಮಿನ ಕಡೆ ತಲೆಹಾಕದ ಹೆಂಗಸರು ನನಗೆ ಗೊತ್ತು. ಅವರ ಮಂಡಿಗೂ ಶುಗರಿಗೂ ಬೇಕಾಗಿದ್ದ ಮದ್ದು ಒಬ್ಬರ ದುಡುಕಿನಿಂದ ಕೈತಪ್ಪಿತಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ನೋವಿನಲ್ಲೂ ವ್ಯತ್ಯಾಸ ತಿಳಿದಿರಲಿ. ಮಾರನೆಯ ದಿನ, ಅದರ ಮಾರನೆಯ ದಿನ ತೊಡೆ, ಎದೆ ಬಿಗಿದುಕೊಂಡು ಮುಟ್ಟಿದರೆ ನೋಯುವುದು ಸಹಜ, ಮೂರು ನಾಲ್ಕು ದಿನದಲ್ಲಿ ಹೋಗುತ್ತದೆ, ಮೆಲ್ಲನೆ ನಡೆದಾಡಿದರೆ ಹಗುರಾಗುತ್ತದೆ. ಮಾಡುವಾಗಲೇ ಕೀಲಿನೊಳಗೆ ಚುಚ್ಚಿದಂತಾದರೆ ಸೆಟ್ಟನ್ನು ಅಲ್ಲಿಗೇ ಬಿಟ್ಟು ಸೀಟು ನೋಡಿ. ಎದೆ ಹಿಂಡಿದಂತಾಗಿ ನೋವು ದವಡೆಗೋ ಎಡಗೈಗೋ ಹರಿದರೆ, ವಿಪರೀತ ಉಬ್ಬಸ ಬಂದರೆ ಆಸ್ಪತ್ರೆಗೆ ಹೋಗಿ. ಇನ್ನೊಂದು, ಅಪರೂಪದ್ದಾದರೂ ತಿಳಿದಿರಬೇಕು: ವ್ಯಾಯಾಮದ ಮರುದಿನ ತೋಳೋ ತೊಡೆಯೋ ಊದಿಕೊಂಡು, ಮೂತ್ರ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿದೆ ಎಂದರ್ಥ. ಮನೆಮದ್ದು ಮಾಡುತ್ತ ಕೂರಬೇಡಿ, ಅಂದೇ ಡಾಕ್ಟರಿಗೆ ತೋರಿಸಿ. ಮೊದಲ ದಿನ ಮಿತಿಮೀರಿ ಮಾಡಿದವರಲ್ಲೇ ಇದು ಕಾಣಿಸಿಕೊಳ್ಳುವುದು ಹೆಚ್ಚು.

ವಾರಕ್ಕೆ ಎರಡು ದಿನ ಬನ್ನಿ, ನಡುವೆ ಕನಿಷ್ಠ ಒಂದು ಪೂರ್ತಿ ದಿನ ಬಿಡಿ. ಮಂಗಳವಾರ ಬಂದವರು ಶುಕ್ರವಾರ ಬಂದರೆ ಚೆನ್ನ. ಎರಡನೆಯ ದಿನವೂ ಪುಸ್ತಕದಲ್ಲಿರುವ ಅದೇ ಸೀಟು, ಅದೇ ಭಾರ. ಎರಡೂ ಸುತ್ತಿನಲ್ಲಿ ಹನ್ನೆರಡು ಸಲ ಸರಾಗವಾಗಿ ಆಗುವುದು ಸತತ ಎರಡು ದಿನ ಕಂಡ ಮೇಲೆ ಪಿನ್ನನ್ನು ಒಂದು ತೂತು ಕೆಳಗಿಳಿಸಿ, ಎಣಿಕೆಯನ್ನು ಮತ್ತೆ ಎಂಟರಿಂದಲೋ ಹತ್ತರಿಂದಲೋ ಶುರು ಮಾಡಿ. ಚೆಸ್ಟ್ ಪ್ರೆಸ್ಸಿನಲ್ಲಿ ಮಾತ್ರ 5ರಿಂದ 10ಕ್ಕೆ ಹೋಗುವುದು ಒಮ್ಮೆಗೇ ಇಮ್ಮಡಿ. ಅಲ್ಲಿ ಹದಿನೈದರವರೆಗೆ ಎಣಿಕೆ ಏರಿಸುತ್ತ ಹೋಗಿ. ಕೆಲವು ಮಷೀನುಗಳಲ್ಲಿ ಮೇಲೆ ಸೇರಿಸಲು ಎರಡೂವರೆ ಕಿಲೋದ ಚಿಕ್ಕ ತುಂಡು ಇರುತ್ತದೆ, ಇದೆಯೇ ಎಂದು ಕೇಳಿ ನೋಡಿ. ಟೀಚರಮ್ಮನವರು ಸದ್ಯ ಆ ತುಂಡನ್ನೇ ಬಳಸುತ್ತಿದ್ದಾರೆ.

ಇತಿ ವಿಶ್ವಾಸದಿಂದ,
ನಿಮ್ಮ ಹಿತೈಷಿ,
ಒಬ್ಬ ಜಿಮ್ ತರಬೇತುದಾರಳು
ಶಿವಮೊಗ್ಗ